ರಸ್ತೆಯೇ ಇಲ್ಲದ ಕಾಡಲ್ಲಿ ಒಂದು ಸೇತುವೆ: ಕೊಟ್ಟ ಮಾತು ಮುರಿದರೆ ಎಷ್ಟು ದುಡ್ಡು ಕೊಡಬೇಕು?

ಇವತ್ತಿನ ಎಪಿಸೋಡ್‌ಗೆ ನಿಮ್ಮನ್ನ ಒಂದು ಕಾಡಿಗೆ ಕರ್ಕೊಂಡು ಹೋಗ್ತೀನಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ, ರಾಕಿಂಗ್‌ಹ್ಯಾಮ್ ಕೌಂಟಿ, ಡ್ಯಾನ್ ನದಿಯ ದಂಡೆ. 1924ನೇ ಇಸವಿ. ಸುತ್ತ ಮರಗಳು. ನದಿಗೆ ಅಡ್ಡಲಾಗಿ ಒಂದು ಕಾಂಕ್ರೀಟ್ ಸೇತುವೆ ಏಳ್ತಾ ಇದೆ. ಆದ್ರೆ ಆ ಸೇತುವೆಗೆ ಬರೋ ರಸ್ತೆ ಇಲ್ಲ, ಅಲ್ಲಿಂದ ಮುಂದಕ್ಕೆ ಹೋಗೋ ರಸ್ತೆಯೂ ಇಲ್ಲ. ಕಟ್ಟಿಸ್ತಾ ಇರೋ ಸರ್ಕಾರವೇ "ದಯವಿಟ್ಟು ನಿಲ್ಲಿಸಿ" ಅಂತ ಹೇಳಿಯಾಗಿದೆ. ಆದರೂ ಕಂಟ್ರಾಕ್ಟರ್ ಕಟ್ತಾನೇ ಇದಾನೆ.

ಯಾಕೆ? ಅವನ ಲೆಕ್ಕ ಸಿಂಪಲ್. ನನ್ನ ಹತ್ರ ಸಹಿ ಹಾಕಿದ ಕರಾರು ಇದೆ. ನಾನು ನನ್ನ ಮಾತು ಉಳಿಸ್ಕೊಳ್ತೀನಿ, ಆಮೇಲೆ ಬಿಲ್ ಕಳಿಸ್ತೀನಿ. ಕೊಡದೆ ಎಲ್ಲಿಗೆ ಹೋಗ್ತಾರೆ?

ಕೇಳೋಕೆ ನ್ಯಾಯವಾಗೇ ಇದೆ ಅಲ್ವಾ? ಮಾತು ಮುರಿದವರು ಅವರು. ತಪ್ಪು ಅವರದ್ದು. ಆದರೂ ಈ ಕಂಟ್ರಾಕ್ಟರ್ ಕೋರ್ಟಲ್ಲಿ ಬಿಲ್‌ನ ದೊಡ್ಡ ಭಾಗವನ್ನ ಕಳ್ಕೊಂಡ. ಅದು ಹೇಗೆ ಅಂತ ಅರ್ಥ ಆದ್ರೆ, ಕರಾರು ಮುರಿದಾಗ ಪರಿಹಾರವನ್ನ ಹೇಗೆ ಅಳೀತಾರೆ ಅನ್ನೋ ಕಾನೂನಿನ ಇತಿಹಾಸದ ಬಹುಪಾಲು ಅರ್ಥ ಆದ ಹಾಗೆ.

ಮೊದಲು ಏನಾಯ್ತು ಅಂತ ನೋಡೋಣ.

ರಾಕಿಂಗ್‌ಹ್ಯಾಮ್ ಕೌಂಟಿಯನ್ನ ನಡೆಸ್ತಾ ಇದ್ದದ್ದು ಐದು ಜನರ ಒಂದು ಆಯುಕ್ತರ ಮಂಡಳಿ. ನಮ್ಮ ಜಿಲ್ಲಾ ಪಂಚಾಯತ್ ಥರ ಅಂತ ಸದ್ಯಕ್ಕೆ ಇಟ್ಕೊಳ್ಳಿ. 1924ರ ಜನವರಿ 7ರಂದು ಈ ಮಂಡಳಿ ಲೂಟನ್ ಬ್ರಿಡ್ಜ್ ಕಂಪನಿಗೆ ಸೇತುವೆ ಕಟ್ಟೋ ಗುತ್ತಿಗೆ ಕೊಡ್ತು. ಮತ ಬಿದ್ದದ್ದು 3ಕ್ಕೆ 2. ಅಂದ್ರೆ ಒಂದೇ ಒಂದು ಮತದ ಅಂತರ. ಈ ಯೋಜನೆಯ ಹಿಂದೆ ಇದ್ದವನು ಅಲ್ಲಿನ ದೊಡ್ಡ ಗಿರಣಿ ಮಾಲೀಕ ಬಿ. ಫ್ರಾಂಕ್ ಮೆಬೇನ್. ನಮ್ಮ ತೆರಿಗೆ ದುಡ್ಡಲ್ಲಿ ಯಾರದ್ದೋ ಲಾಭಕ್ಕೆ ಸೇತುವೆ ಯಾಕೆ ಅಂತ ಊರಿನ ಜನ ರೊಚ್ಚಿಗೆದ್ರು.

ಮುಂದಿನದ್ದು ಪಕ್ಕಾ ರಾಜಕೀಯ. ಫೆಬ್ರವರಿ 11ಕ್ಕೆ, ಪರವಾಗಿ ಮತ ಹಾಕಿದ್ದ ಮೂವರಲ್ಲಿ ಒಬ್ಬ, ಪ್ರೂಯಿಟ್ ಅನ್ನೋನು, ರಾಜೀನಾಮೆ ಕೊಟ್ಟ. ಅದೇ ದಿನ ಮನಸ್ಸು ಬದಲಾಯಿಸಿ ವಾಪಸ್ ತಗೊಳ್ಳೋಕೂ ನೋಡಿದ. ಅಷ್ಟೊತ್ತಿಗೆ ರಾಜೀನಾಮೆ ಅಂಗೀಕಾರ ಆಗಿತ್ತು, ಹ್ಯಾಂಪ್ಟನ್ ಅನ್ನೋನು ಆ ಜಾಗಕ್ಕೆ ಬಂದ. ಈಗ ಬಹುಮತ ಆ ಕಡೆಯಿಂದ ಈ ಕಡೆಗೆ ತಿರುಗಿತು. ಫೆಬ್ರವರಿ 21ರಂದು ಹೊಸ ಬಹುಮತ ನಿರ್ಣಯ ಮಾಡ್ತು: ಈ ಗುತ್ತಿಗೆ ನಮಗೆ ಬೇಡ, ಕೆಲಸ ಮುಂದುವರಿಸಬೇಡಿ ಅಂತ ಕಂಪನಿಗೆ ತಿಳಿಸಿ. ಮುಂದಿನ ಸಭೆಗಳಲ್ಲೂ ಅದನ್ನೇ ಮತ್ತೆ ಮತ್ತೆ ಹೇಳಿದ್ರು. ಸೇತುವೆಗೆ ಜೋಡಿಸಬೇಕಿದ್ದ ರಸ್ತೆಯ ಯೋಜನೆಯನ್ನೂ ಕೈಬಿಟ್ರು.

ಇಲ್ಲಿ ಒಂದು ಅಂಕಿ ನೆನಪಿಟ್ಕೊಳ್ಳಿ. ಫೆಬ್ರವರಿ 21ರ ಆ ಮೊದಲ ನಿರ್ಣಯದ ಹೊತ್ತಿಗೆ ಕಂಪನಿ ಕೂಲಿ, ಸಾಮಾನು ಅಂತ ಖರ್ಚು ಮಾಡಿದ್ದದ್ದು ಸುಮಾರು 1,900 ಡಾಲರ್. ಅಷ್ಟೇ. ಕೆಲಸ ಇನ್ನೂ ಶುರುವಿನಲ್ಲಿತ್ತು.

ಕಂಪನಿ ನಿಲ್ಲಿಸಲಿಲ್ಲ. ನವೆಂಬರ್ 3ರ ತನಕ ಕಟ್ಟಿತು. ಆಮೇಲೆ ಅಲ್ಲಿವರೆಗಿನ ಕೆಲಸಕ್ಕೆ 18,301 ಡಾಲರ್ 7 ಸೆಂಟ್ ಕೊಡಿ ಅಂತ ಕೌಂಟಿ ಮೇಲೆ ಕೇಸ್ ಹಾಕ್ತು. ತಮಾಷೆ ಏನಂದ್ರೆ, ಹಳೇ ಬಹುಮತದ ಮೂವರು, ರಾಜೀನಾಮೆ ಕೊಟ್ಟ ಪ್ರೂಯಿಟ್ ಕೂಡ ಸೇರಿ, "ಹೌದು, ಕೌಂಟಿ ಈ ದುಡ್ಡು ಕೊಡಬೇಕು" ಅಂತ ಕೋರ್ಟಿಗೆ ಉತ್ತರ ಬೇರೆ ಸಲ್ಲಿಸಿದ್ರು. ಕೆಳಗಿನ ಕೋರ್ಟ್ ಕಂಪನಿ ಪರವಾಗಿ ತೀರ್ಪು ಕೊಡ್ತು. ಮೇಲ್ಮನವಿ ಹೋಗಿದ್ದು ಫೆಡರಲ್ ಅಪೀಲು ಕೋರ್ಟಿಗೆ. ಅಲ್ಲಿ 1929ರಲ್ಲಿ ನ್ಯಾಯಾಧೀಶ ಜಾನ್ ಪಾರ್ಕರ್ ಆ ತೀರ್ಪನ್ನ ತಿರುಗಿಸಿದ್ರು.

ಪಾರ್ಕರ್ ಹೇಳಿದ್ದನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ ಹೀಗೆ. ಕೌಂಟಿ ಕರಾರು ಮುರಿದದ್ದು ನಿಜ, ಅದಕ್ಕೆ ಹಕ್ಕಿರಲಿಲ್ಲ. ಹಾಗಾಗಿ ಪರಿಹಾರ ಕೊಡಬೇಕು. ಆದ್ರೆ ಎಷ್ಟು? ನಿಲ್ಲಿಸಿ ಅಂತ ಹೇಳೋ ತನಕ ಆದ ಖರ್ಚು, ಅದರ ಜೊತೆಗೆ ಪೂರ್ತಿ ಸೇತುವೆ ಕಟ್ಟಿ ಮುಗಿಸಿದ್ದರೆ ಕಂಪನಿಗೆ ಎಷ್ಟು ಲಾಭ ಉಳೀತಿತ್ತೋ ಆ ಲಾಭ. ನಿಲ್ಲಿಸಿ ಅಂದ ಮೇಲೂ ಸುರಿದ ಸಿಮೆಂಟಿಗೆ, ಕೊಟ್ಟ ಕೂಲಿಗೆ ಕೌಂಟಿ ಹೊಣೆ ಅಲ್ಲ. ಹಾನಿಯನ್ನ ಬೇಕು ಬೇಕಂತ ಪೇರಿಸಿಕೊಂಡು ಬಂದು ಬಿಲ್ ಮಾಡೋ ಹಾಗಿಲ್ಲ.

ಈ ಒಂದು ತೀರ್ಪಿನಲ್ಲಿ ಮೂರು ವಿಷಯ ಇದೆ. ಒಂದೊಂದಾಗಿ ಬಿಡಿಸೋಣ. ಲೆಕ್ಕಕ್ಕೆ ಸುಲಭ ಆಗಲಿ ಅಂತ ನಾನೇ ಒಂದು ಉದಾಹರಣೆ ಮಾಡ್ಕೊಂಡಿದೀನಿ. ಗುತ್ತಿಗೆಯ ಒಟ್ಟು ಮೊತ್ತ 100 ಲಕ್ಷ ರೂಪಾಯಿ. ಸೇತುವೆ ಪೂರ್ತಿ ಕಟ್ಟೋಕೆ ಆಗೋ ಖರ್ಚು 80 ಲಕ್ಷ. ಲಾಭ 20 ಲಕ್ಷ. ಕಂಟ್ರಾಕ್ಟರ್ 10 ಲಕ್ಷ ಖರ್ಚು ಮಾಡಿದಾಗ ಆ ಕಡೆಯವರು "ಬೇಡ" ಅಂದ್ರು. ಅಲ್ಲಿವರೆಗೆ ಅವನಿಗೆ ಒಂದು ರೂಪಾಯಿಯೂ ಬಂದಿಲ್ಲ.

ಮೊದಲನೇ ಅಳತೆ: ನಿಮ್ಮನ್ನ ನಂಬಿ ನಾನು ಎಷ್ಟು ಕಳ್ಕೊಂಡೆ? ಉತ್ತರ 10 ಲಕ್ಷ. ಈ 10 ಲಕ್ಷ ಕೊಟ್ರೆ ಕಂಟ್ರಾಕ್ಟರ್ ಕರಾರಿಗೆ ಸಹಿ ಹಾಕೋ ಮುಂಚೆ ಎಲ್ಲಿದ್ದನೋ ಅಲ್ಲಿಗೆ ವಾಪಸ್ ಹೋಗ್ತಾನೆ. ಇದನ್ನ ರಿಲಯನ್ಸ್ ನಷ್ಟ ಅಂತಾರೆ. ಮಾತನ್ನ ನಂಬಿ ಆದ ನಷ್ಟ. ಇದು ಹಿಂದಕ್ಕೆ ನೋಡೋ ಅಳತೆ.

ಎರಡನೇ ಅಳತೆ: ನೀವು ಮಾತು ಉಳಿಸಿಕೊಂಡಿದ್ದರೆ ನಾನು ಇವತ್ತು ಎಲ್ಲಿರ್ತಿದ್ದೆ? ಕರಾರು ಪೂರ್ತಿ ಆಗಿದ್ದರೆ ಅವನ ಕೈಲಿ 20 ಲಕ್ಷ ಲಾಭ ಇರ್ತಿತ್ತು. ಈಗ 10 ಲಕ್ಷ ಗುಂಡಿಯಲ್ಲಿದ್ದಾನೆ. ಗುಂಡಿಯಿಂದ ಎತ್ತೋಕೆ 10, ಲಾಭಕ್ಕೆ 20, ಒಟ್ಟು 30 ಲಕ್ಷ ಬೇಕು. ಇದು ಎಕ್ಸ್‌ಪೆಕ್ಟೇಶನ್ ನಷ್ಟ. ನಿರೀಕ್ಷೆಯ ನಷ್ಟ. ಇದು ಮುಂದಕ್ಕೆ ನೋಡೋ ಅಳತೆ. ಬೇರೆ ದಾರಿಯಲ್ಲೂ ತಾಳೆ ನೋಡಬಹುದು: ಸಿಗಬೇಕಿದ್ದದ್ದು 100, ಕೆಲಸ ನಿಂತಿದ್ದರಿಂದ ಉಳಿದ ಖರ್ಚು 70. ಕಳೆದರೆ ಅದೇ 30.

ಪಾರ್ಕರ್ ಕೊಟ್ಟದ್ದು ಈ ಎರಡನೇ ಅಳತೆ. ಖರ್ಚು ಮತ್ತು ಲಾಭ, ಎರಡೂ. ಇಂಗ್ಲಿಷ್ ಕಾನೂನಿನಲ್ಲಿ ಇದು ಹಳೇ ನಿಯಮ. 1848ರಲ್ಲಿ ರಾಬಿನ್ಸನ್ ವರ್ಸಸ್ ಹಾರ್ಮನ್ ಅನ್ನೋ ಕೇಸಲ್ಲಿ, ಒಂದು ಮನೆಯ ಲೀಸ್ ವಿಚಾರಕ್ಕೆ, ಬ್ಯಾರನ್ ಪಾರ್ಕ್ ಅನ್ನೋ ನ್ಯಾಯಾಧೀಶರು ಇದನ್ನ ಸ್ಪಷ್ಟವಾಗಿ ಹೇಳಿದ್ರು: ದುಡ್ಡಿನಿಂದ ಎಷ್ಟು ಸಾಧ್ಯವೋ ಅಷ್ಟರ ಮಟ್ಟಿಗೆ, ಕರಾರು ನೆರವೇರಿದ್ದರೆ ಹೇಗಿರ್ತಿದ್ದನೋ ಆ ಸ್ಥಿತಿಯಲ್ಲಿ ನೊಂದವನನ್ನ ಇಡಬೇಕು.

ಈ ಎರಡು ಅಳತೆಗಳು ಬೇರೆ ಬೇರೆ ಅಂತ ಗಟ್ಟಿಯಾಗಿ ಹೆಸರಿಟ್ಟು ಹೇಳಿದ್ದು ಮಾತ್ರ ತುಂಬಾ ತಡವಾಗಿ. ಲಾನ್ ಫುಲ್ಲರ್ ಅನ್ನೋ ಪ್ರೊಫೆಸರ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಪರ್ಡ್ಯೂ ಸೇರಿ 1936-37ರಲ್ಲಿ ಯೇಲ್ ಲಾ ಜರ್ನಲ್‌ನಲ್ಲಿ ಬರೆದ ಲೇಖನದಲ್ಲಿ. ಅವರ ಪ್ರಶ್ನೆ ಕೆಣಕೋ ಥರ ಇತ್ತು. ಕೈಯಿಂದ ಹೋದ ದುಡ್ಡನ್ನ ವಾಪಸ್ ಕೊಡಿಸೋದು ಸರಿ, ಆದ್ರೆ ಇನ್ನೂ ಕೈಗೇ ಬರದ ಲಾಭವನ್ನ ಯಾಕೆ ಕೊಡಿಸಬೇಕು? ಅವನು ಅದನ್ನ ಕಳ್ಕೊಂಡಿದ್ದಾನೆ ಅಂತ ಹೇಗೆ ಹೇಳ್ತೀರಿ, ಅವನ ಹತ್ರ ಅದು ಇರಲೇ ಇಲ್ವಲ್ಲ? ಅವರೇ ಕೊಟ್ಟ ಉತ್ತರಗಳಲ್ಲಿ ಒಂದು ಹೀಗಿತ್ತು: ನಂಬಿಕೆಯಿಂದ ಆದ ನಷ್ಟವನ್ನ ಪೂರ್ತಿ ಸಾಬೀತು ಮಾಡೋದು ಕಷ್ಟ. ಈ ಗುತ್ತಿಗೆ ಸಿಕ್ತು ಅಂತ ಕಂಟ್ರಾಕ್ಟರ್ ಬಿಟ್ಟ ಬೇರೆ ಕೆಲಸಗಳ ಲೆಕ್ಕಕ್ಕೆ ರಸೀದಿ ಇರಲ್ಲ. ನಿರೀಕ್ಷೆಯ ಲಾಭ ಕೊಟ್ರೆ ಅದೂ ಸುಮಾರಾಗಿ ಅದರೊಳಗೇ ಬಂದುಬಿಡುತ್ತೆ.

ಹಾಗಾದ್ರೆ ಯಾವಾಗಲೂ ಎರಡನೇ ಅಳತೆಯನ್ನೇ ಕೇಳಬಹುದಲ್ಲ, ಮೊದಲನೇದು ಯಾರಿಗೆ ಬೇಕು? ಇದಕ್ಕೆ ಉತ್ತರ ಸಮುದ್ರದಲ್ಲಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾ ಸರ್ಕಾರದ ಒಂದು ಆಯೋಗ ಯುದ್ಧದ ಹಳೇ ಸಾಮಾನು ಮಾರ್ತಾ ಇತ್ತು. 1947ರಲ್ಲಿ ಒಂದು ಜಾಹೀರಾತು ಬಂತು: ಪಪುವಾ ಹತ್ತಿರ, ಜೋರ್ಮಾಂಡ್ ರೀಫ್ ಅನ್ನೋ ಬಂಡೆಸಾಲಿನ ಮೇಲೆ ಒಂದು ತೈಲದ ಟ್ಯಾಂಕರ್ ಹಡಗು ಸಿಕ್ಕಿಹಾಕ್ಕೊಂಡು ಬಿದ್ದಿದೆ, ಬೇಕಾದವರು ಟೆಂಡರ್ ಹಾಕಿ. ಮೆಕ್‌ರೇ ಅನ್ನೋರು 285 ಪೌಂಡ್‌ಗೆ ಕೊಂಡ್ರು. ಹಡಗು ತರೋಕೆ ಸಾಮಾನು, ಜನ, ದೋಣಿ ಎಲ್ಲ ಹೊಂದಿಸಿಕೊಂಡು ಹೋದ್ರು. ಹೋಗಿ ನೋಡಿದ್ರೆ ಹಡಗು ಇಲ್ಲ. ಹಡಗು ಬಿಡಿ, ಆ ಹೆಸರಿನ ಬಂಡೆಸಾಲೇ ಇಲ್ಲ! ಆಯೋಗದವರು ಯಾರೋ ಹೇಳಿದ ಸುದ್ದಿ ನಂಬಿ ಮಾರಿಬಿಟ್ಟಿದ್ರು.

ಈಗ ಎರಡನೇ ಅಳತೆ ಹಾಕಿ ನೋಡಿ. ಆ ಹಡಗು ಸಿಕ್ಕಿದ್ದರೆ ಮೆಕ್‌ರೇಗೆ ಎಷ್ಟು ಲಾಭ ಆಗ್ತಿತ್ತು? ಅದು ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಎಣ್ಣೆ ಇತ್ತು, ಎಷ್ಟು ಮುರಿದಿತ್ತು? ಇಲ್ಲದ ಹಡಗಿಗೆ ಬೆಲೆ ಕಟ್ಟೋದು ಹೇಗೆ? 1951ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅದು ಆ ದೇಶದ ಅತ್ಯುನ್ನತ ಕೋರ್ಟ್, ಇದನ್ನ ಲೆಕ್ಕ ಹಾಕೋಕೆ ಆಗಲ್ಲ ಅಂತು. ಆದ್ರೆ ಬರಿಗೈಲಿ ಕಳಿಸಲಿಲ್ಲ. ಮೊದಲನೇ ಅಳತೆಗೆ ಇಳೀತು. ಕೊಟ್ಟ 285 ಪೌಂಡ್ ವಾಪಸ್, ಜೊತೆಗೆ ನಂಬಿ ಹೊರಟದ್ದರಿಂದ ವ್ಯರ್ಥವಾದ ಖರ್ಚಿಗೆ ಸುಮಾರು 3,000 ಪೌಂಡ್.

ಆಯೋಗದ ವಕೀಲರು ಒಂದು ಜಾಣ ವಾದ ಮಾಡಿದ್ರು. ಹಡಗು ಇದ್ದಿದ್ದರೂ ಅದು ಬರೀ ಗುಜರಿ ಆಗಿರಬಹುದಿತ್ತು, ಆಗಲೂ ಈ ಖರ್ಚು ದಂಡವೇ ಆಗ್ತಿತ್ತು, ಹಾಗಲ್ಲ ಅಂತ ಇವರೇ ಸಾಬೀತು ಮಾಡಲಿ ಅಂತ. ಕೋರ್ಟ್ ಒಪ್ಪಲಿಲ್ಲ. ಹಡಗಿದೆ ಅಂತ ಮಾತು ಕೊಟ್ಟವರು ನೀವು. ಆ ಮಾತು ಸುಳ್ಳಾಗಿದ್ದರಿಂದಲೇ ಸಾಬೀತು ಮಾಡೋಕೆ ಆಗ್ತಿಲ್ಲ. ಹಾಗಾಗಿ ಖರ್ಚು ಹೇಗೂ ದಂಡ ಆಗ್ತಿತ್ತು ಅಂತ ತೋರಿಸೋ ಭಾರ ನಿಮ್ಮದು.

ಈ ಕೊನೇ ಮಾತಿನಲ್ಲಿ ಮೊದಲನೇ ಅಳತೆಯ ಮಿತಿಯೂ ಇದೆ. ನಮ್ಮ ಸೇತುವೆ ಲೆಕ್ಕಕ್ಕೆ ವಾಪಸ್ ಬನ್ನಿ. ಈ ಸಲ ಕಂಟ್ರಾಕ್ಟರ್ ಎಸ್ಟಿಮೇಟ್ ತಪ್ಪಾಗಿ ಹಾಕಿದ್ದ ಅಂದ್ಕೊಳ್ಳಿ. ಸಿಗೋದು 100 ಲಕ್ಷ, ಖರ್ಚು ನಿಜವಾಗಿ ಆಗೋದು 115 ಲಕ್ಷ. ಕಟ್ಟಿ ಮುಗಿಸಿದ್ದರೆ 15 ಲಕ್ಷ ನಷ್ಟ. 10 ಲಕ್ಷ ಖರ್ಚಾದಾಗ ಆ ಕಡೆಯವರು ಕರಾರು ಮುರಿದ್ರು. ಈಗ ಅವನು "ಲಾಭ ಬೇಡಪ್ಪ, ನಂಬಿ ಹಾಕಿದ 10 ಲಕ್ಷ ಕೊಡಿ ಸಾಕು" ಅಂತ ಮೊದಲನೇ ಅಳತೆ ಕೇಳ್ತಾನೆ. ಕೊಟ್ಟುಬಿಟ್ರೆ ಏನಾಗುತ್ತೆ? 15 ಲಕ್ಷ ಕಳ್ಕೊಳ್ಳಬೇಕಾಗಿದ್ದವನು ಸೊನ್ನೆಯಲ್ಲಿ ನಿಲ್ತಾನೆ. ಅವನ ಕೆಟ್ಟ ವ್ಯಾಪಾರದ ನಷ್ಟವನ್ನ ಎದುರು ಪಾರ್ಟಿ ಕಟ್ಟಿದ ಹಾಗಾಯ್ತು. ಅದಕ್ಕೇ ಕೋರ್ಟುಗಳು ಹೇಳ್ತವೆ: ಮಾತು ಮುರಿದವನು ಇದು ನಷ್ಟದ ಕರಾರು ಅಂತ ಸಾಬೀತು ಮಾಡಿದ್ರೆ, ಆ ನಷ್ಟವನ್ನ ಕಳೀಬೇಕು. 10ರಲ್ಲಿ 15 ಕಳೆದ್ರೆ ಏನೂ ಉಳಿಯಲ್ಲ. 1949ರಲ್ಲಿ ಅಮೆರಿಕದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್, ಒಂದು ರಬ್ಬರ್ ಕಂಪನಿಯ ಕೇಸಲ್ಲಿ, ಇದನ್ನೇ ನಿಯಮವಾಗಿ ಹೇಳಿದ್ರು. ಅಂದ್ರೆ ನಂಬಿಕೆಯ ನಷ್ಟ ಅನ್ನೋದು ಲಾಭ ಸಾಬೀತು ಮಾಡೋಕೆ ಆಗದವನಿಗೆ ಸಿಗೋ ಆಸರೆ, ನಷ್ಟದ ವ್ಯಾಪಾರದಿಂದ ಪಾರಾಗೋ ಕಿಟಕಿ ಅಲ್ಲ.

ಈಗ ಮೂರನೇ ವಿಷಯ. ಲೂಟನ್ ಕಂಪನಿ ಸೋತದ್ದು ಇಲ್ಲಿ. ಮಿಟಿಗೇಶನ್, ಅಂದ್ರೆ ನಷ್ಟವನ್ನ ತಗ್ಗಿಸೋದು.

ನಮ್ಮ ಲಾಭದ ಸೇತುವೆಯ ಕಂಟ್ರಾಕ್ಟರ್ 10 ಲಕ್ಷದಲ್ಲಿ ನಿಲ್ಲಿಸಿದ್ದರೆ 30 ಲಕ್ಷ ಪರಿಹಾರ ತಗೊಂಡು, ಖರ್ಚು ಕಳೆದು 20 ಲಕ್ಷ ಲಾಭದಲ್ಲಿ ಮನೆಗೆ ಹೋಗ್ತಿದ್ದ. ಒಂದು ಇಟ್ಟಿಗೆ ಇಡದೆ ಪೂರ್ತಿ ಲಾಭ! ಅವನು ನಿಲ್ಲಿಸದೆ ಇನ್ನೂ 40 ಲಕ್ಷ ಸುರಿದ ಅಂದ್ಕೊಳ್ಳಿ. ಒಟ್ಟು ಖರ್ಚು 50. ಕೋರ್ಟ್ ಕೊಡೋದು ಮಾತ್ರ ಅದೇ 30. 20 ಲಕ್ಷ ಲಾಭದಲ್ಲಿರಬೇಕಿದ್ದವನು 20 ಲಕ್ಷ ನಷ್ಟದಲ್ಲಿ ನಿಂತ. ಆ 40 ಲಕ್ಷದಿಂದ ಯಾರಿಗೂ ಏನೂ ಸಿಗಲಿಲ್ಲ ಅನ್ನೋದನ್ನ ಗಮನಿಸಿ. ಕೌಂಟಿಗೆ ಬೇಡದ ಸೇತುವೆ, ಕಂಪನಿಗೆ ಬರದ ದುಡ್ಡು.

ಇದನ್ನ ನಷ್ಟ ತಗ್ಗಿಸೋ "ಕರ್ತವ್ಯ" ಅಂತ ಪುಸ್ತಕಗಳಲ್ಲಿ ಬರೀತಾರೆ. ಆ ಪದ ಸ್ವಲ್ಪ ದಾರಿ ತಪ್ಪಿಸುತ್ತೆ. ನೀವು ನಷ್ಟ ತಗ್ಗಿಸಲಿಲ್ಲ ಅಂತ ನಿಮ್ಮ ಮೇಲೆ ಯಾರೂ ಕೇಸ್ ಹಾಕೋಕೆ ಆಗಲ್ಲ. ತಪ್ಪಿಸಬಹುದಾಗಿದ್ದ ಭಾಗ ನಿಮ್ಮ ಲೆಕ್ಕದಿಂದ ಕಡಿತ ಆಗುತ್ತೆ, ಅಷ್ಟೇ. ತಪ್ಪಿಸಬಹುದಾಗಿತ್ತು ಅಂತ ತೋರಿಸೋ ಹೊಣೆಯೂ ಸಾಮಾನ್ಯವಾಗಿ ಮಾತು ಮುರಿದವನದ್ದೇ. ಕಾನೂನು ಕೇಳೋದು ಸಾಹಸ ಅಲ್ಲ, ಒಬ್ಬ ಸಾಮಾನ್ಯ ವಿವೇಕದ ವ್ಯಾಪಾರಿ ಮಾಡೋವಷ್ಟು. ಹಾಗೆ ಪ್ರಯತ್ನ ಮಾಡೋಕೆ ಆದ ಖರ್ಚನ್ನೂ ಪರಿಹಾರದಲ್ಲಿ ಸೇರಿಸಿ ಕೇಳಬಹುದು, ಪ್ರಯತ್ನ ಸೋತರೂ.

ಲೂಟನ್ ಕಂಪನಿಗೆ ನ್ಯಾಯ ಮಾಡಬೇಕು ಅಂದ್ರೆ ಒಂದು ಮಾತು ಹೇಳಲೇಬೇಕು. ಅವರಿಗೆ ನಿಜವಾದ ಗೊಂದಲ ಇತ್ತು. "ನಿಲ್ಲಿಸಿ" ಅಂತ ಹೇಳ್ತಾ ಇರೋರು ಕೌಂಟಿಯೋ, ಅಥವಾ ಹಳೇ ಮೂವರು ಕೌಂಟಿಯೋ? ತಪ್ಪು ಬಣದ ಮಾತು ಕೇಳಿ ನಿಲ್ಲಿಸಿದ್ರೆ ಕರಾರು ಮುರಿದವರು ಇವರೇ ಆಗಿಬಿಡ್ತಿದ್ರು. ಪಾರ್ಕರ್ ಇದನ್ನ ಮೊದಲು ಬಗೆಹರಿಸಿದ್ರು: ರಾಜೀನಾಮೆ ಊರ್ಜಿತ, ಹ್ಯಾಂಪ್ಟನ್ ನೇಮಕ ಊರ್ಜಿತ, ಹಾಗಾಗಿ ನೋಟಿಸ್ ಕೌಂಟಿಯದ್ದೇ. ಅದು ತೀರ್ಮಾನ ಆದ ಮೇಲೇ ನಷ್ಟ ತಗ್ಗಿಸೋ ಪ್ರಶ್ನೆ ಬಂತು. ಆದ್ದರಿಂದ ಯಾರಾದ್ರೂ ಕೆಲಸ ನಿಲ್ಲಿಸಿ ಅಂದ್ರೆ ಮೊದಲು ನೋಡಬೇಕಾದ್ದು, ಹೇಳೋಕೆ ಅಧಿಕಾರ ಇರೋರೇ ಹೇಳ್ತಿದಾರಾ, ಬರವಣಿಗೆಯಲ್ಲಿ ಸ್ಪಷ್ಟವಾಗಿ ಹೇಳಿದಾರಾ ಅಂತ.

ಇದೆಲ್ಲ ಅಮೆರಿಕ, ಆಸ್ಟ್ರೇಲಿಯಾ ಕಥೆ ಆಯ್ತು, ನಮಗೇನು ಅಂತೀರಾ? ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಪೇಪರ್ ಬರೆದವರಿಗೆಲ್ಲ 1872ರ ಭಾರತೀಯ ಕರಾರು ಅಧಿನಿಯಮದ ಸೆಕ್ಷನ್ 73 ನೆನಪಿರುತ್ತೆ. ಕರಾರು ಮುರಿದಾಗ ಸಹಜವಾಗಿ ಆಗೋ ನಷ್ಟಕ್ಕೆ ಪರಿಹಾರ ಅಂತ. ನಾನೂ ಅಷ್ಟನ್ನೇ ಬಾಯಿಪಾಠ ಮಾಡಿ ಪಾಸಾದವನು. ಆ ಸೆಕ್ಷನ್ನಿನ ಕೊನೆಯಲ್ಲಿ ಒಂದು ವಿವರಣೆ ಇದೆ, ಅದನ್ನ ಆಗ ಓದಿರಲಿಲ್ಲ. ನಷ್ಟ ಲೆಕ್ಕ ಹಾಕುವಾಗ, ಆ ತೊಂದರೆಯನ್ನ ಸರಿಪಡಿಸಿಕೊಳ್ಳೋಕೆ ಏನೇನು ದಾರಿ ಇತ್ತು ಅನ್ನೋದನ್ನೂ ಗಮನಕ್ಕೆ ತಗೋಬೇಕು ಅನ್ನುತ್ತೆ ಅದು. ಮಿಟಿಗೇಶನ್ ಪೂರ್ತಿ ಆ ಒಂದು ವಾಕ್ಯದಲ್ಲಿದೆ. ಪಾರ್ಕರ್ ತೀರ್ಪಿಗಿಂತ 57 ವರ್ಷ ಮುಂಚೆ.

ಅದು ಎಷ್ಟು ಕಟುವಾಗಿ ಕೆಲಸ ಮಾಡುತ್ತೆ ಅನ್ನೋಕೆ ನಮ್ಮದೇ ಸುಪ್ರೀಂ ಕೋರ್ಟಿನ ಒಂದು ಕೇಸ್ ಇದೆ, ಮುರಳೀಧರ ಚಿರಂಜಿಲಾಲ್ ವರ್ಸಸ್ ಹರಿಶ್ಚಂದ್ರ ದ್ವಾರಕಾದಾಸ್. 1947ರ ಆಗಸ್ಟ್. ಕಾನ್ಪುರದ ವ್ಯಾಪಾರಿ ಗಜಕ್ಕೆ 1 ರೂಪಾಯಿ ಲೆಕ್ಕದಲ್ಲಿ ಕ್ಯಾನ್ವಾಸ್ ಬಟ್ಟೆ ಕೊಡಬೇಕು. ಕಲ್ಕತ್ತಾಗೆ ಬುಕ್ ಮಾಡಿದ ರೈಲ್ವೆ ರಸೀದಿಯನ್ನ ಕೊಂಡವನಿಗೆ ಒಪ್ಪಿಸಬೇಕು. ಕಾನ್ಪುರದಿಂದ ಕಲ್ಕತ್ತಾಗೆ ರೈಲ್ವೆ ಬುಕಿಂಗ್ ಬಂದ್ ಆಗಿತ್ತು, ಮಾಲು ಹೋಗಲಿಲ್ಲ. ಕೊಂಡವನು ಕಲ್ಕತ್ತಾ ರೇಟು ತೋರಿಸಿ, ಅಲ್ಲಿ ಮಾರಿದ್ದರೆ ಇಷ್ಟು ಸಿಗ್ತಿತ್ತು, ಕೊಡಿ ಅಂದ. ಸುಪ್ರೀಂ ಕೋರ್ಟ್ ಎರಡೂ ತತ್ವ ಹೇಳಿತು. ಕರಾರು ನೆರವೇರಿದ್ದರೆ ಇರ್ತಿದ್ದ ಸ್ಥಿತಿಗೆ ನಿನ್ನನ್ನ ತರಬೇಕು, ನಿಜ. ಆದ್ರೆ ನಷ್ಟ ತಗ್ಗಿಸೋಕೆ ನೀನು ನ್ಯಾಯವಾದ ಹೆಜ್ಜೆ ಇಡಬೇಕಿತ್ತು. ಮಾಲು ಕೈಗೆ ಬರಬೇಕಿದ್ದ ಜಾಗ ಕಾನ್ಪುರ, ಅಲ್ಲೇ ಬೇರೆಯವರಿಂದ ಕೊಳ್ಳಬಹುದಿತ್ತು. ಹಾಗಾಗಿ ನಿನ್ನ ನಷ್ಟ ಅಂದ್ರೆ ಆ ದಿನದ ಕಾನ್ಪುರ ಮಾರುಕಟ್ಟೆ ರೇಟಿಗೂ ಕರಾರಿನ ರೇಟಿಗೂ ಇರೋ ವ್ಯತ್ಯಾಸ. ಕಾನ್ಪುರ ರೇಟು ಎಷ್ಟಿತ್ತು ಅಂತ ಅವನು ಸಾಬೀತೇ ಮಾಡಿರಲಿಲ್ಲ. ಕೇಸ್ ವಜಾ. ಮಾತು ಮುರಿದವರು ಎದುರಿನವರು, ಆದರೂ ಇವನಿಗೆ ಸಿಕ್ಕಿದ್ದು ಸೊನ್ನೆ.

ಇದನ್ನ ನಮ್ಮ ಬದುಕಿಗೆ ತಂದುಕೊಳ್ಳೋಣ. ನೀವು ಮದುವೆ ಫೋಟೋ ತೆಗೆಯೋರು ಅಂದ್ಕೊಳ್ಳಿ. 60,000ಕ್ಕೆ ಬುಕಿಂಗ್ ಆಗಿದೆ. ಲೆನ್ಸ್ ಬಾಡಿಗೆಗೆ 5,000 ಕೊಟ್ಟಿದೀರಿ, ಅದು ವಾಪಸ್ ಬರಲ್ಲ. ಆ ದಿನ ಅಸಿಸ್ಟೆಂಟ್‌ಗೆ, ಓಡಾಟಕ್ಕೆ ಇನ್ನೂ 15,000 ಆಗಬೇಕು. ಮೂರು ವಾರ ಮುಂಚೆ ಹುಡುಗಿ ಮನೆಯವರು ಬೇರೆಯವರನ್ನ ಗೊತ್ತು ಮಾಡಿದೀವಿ ಅಂತಾರೆ. ಕರಾರಿನಲ್ಲಿ ಕ್ಯಾನ್ಸಲ್ ಮಾಡೋ ಷರತ್ತು ಏನೂ ಇಲ್ಲ. ನಂಬಿಕೆಯ ನಷ್ಟ 5,000. ನಿರೀಕ್ಷೆಯ ನಷ್ಟ 60,000ದಲ್ಲಿ ಉಳಿದ ಖರ್ಚು 15,000 ಕಳೆದು 45,000. ಇಷ್ಟರಲ್ಲಿ ಅದೇ ದಿನಕ್ಕೆ ಇನ್ನೊಂದು ಮನೆಯಿಂದ ಕರೆ ಬರುತ್ತೆ, ಎಲ್ಲ ಖರ್ಚು ಹೋಗಿ ಕೈಗೆ 30,000 ಸಿಗೋ ಕೆಲಸ. ಒಪ್ಪಿಕೊಂಡ್ರೆ ಮೊದಲಿನವರಿಂದ ಕೇಳಬಹುದಾದ್ದು 15,000. "ಇಲ್ಲ, ನನಗೆ ಅವಮಾನ ಆಗಿದೆ, ಮನೇಲೇ ಕೂತು ಪೂರ್ತಿ 45,000 ವಸೂಲಿ ಮಾಡ್ತೀನಿ" ಅಂತ ಬಿಟ್ರೆ? ಆಗಲೂ 15,000ವೇ. ಬಿಟ್ಟ 30,000 ನಿಮ್ಮ ಲೆಕ್ಕಕ್ಕೆ.

ಅದಕ್ಕೆ ಎದುರಿನವರು ಮಾತು ಮುರಿದ ದಿನವೇ ಬರೆದಿಟ್ಟುಕೊಳ್ಳಬೇಕಾದ್ದು ನಾಲ್ಕೇ ನಾಲ್ಕು: ಅವರು ಯಾವತ್ತು ಬೇಡ ಅಂದ್ರು, ಅಲ್ಲಿವರೆಗೆ ಎಷ್ಟು ಖರ್ಚಾಗಿತ್ತು, ಕೆಲಸ ನಿಂತಿದ್ದರಿಂದ ಎಷ್ಟು ಉಳೀತು, ಬದಲಿಗೆ ಬೇರೆ ಏನು ಸಿಗ್ತಿತ್ತು. ಲೂಟನ್ ಕಂಪನಿಗೆ ಮೊದಲ ಎರಡರ ಉತ್ತರ ಫೆಬ್ರವರಿ 21 ಮತ್ತು 1,900 ಡಾಲರ್. ಅವರು ಕೋರ್ಟಿಗೆ ತಂದದ್ದು ನವೆಂಬರ್ 3 ಮತ್ತು 18,301 ಡಾಲರ್. ನಡುವಿನ ಎಂಟು ತಿಂಗಳು ಅವರು ಕಟ್ಟಿದ್ದು ತಮ್ಮದೇ ದುಡ್ಡಲ್ಲಿ.